ಹಸಿರು ರಸ್ತೆ, ಕತ್ತರಿಸಿರದ ಕೈ

ಬರ್ಲಿನ್ನಿನ ಪೋಟ್ಸ್‌ಡಾಮರ್ ಪ್ಲಾಟ್ಸ್ ಚೌಕದ ರಸ್ತೆ ಎಂದೂ ಹಸಿರಾಗಿರಲಿಲ್ಲ. 1914ರಲ್ಲಿ ಅದು ಟ್ರಾಮು, ಕುದುರೆಗಾಡಿ, ಮೋಟಾರು, ಕಾಫಿ ಮಂದಿರಗಳಿಂದ ಗಿಜಿಗುಡುತ್ತಿದ್ದ ಜಾಗ. ಎರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್ ಎಂಬ ಜರ್ಮನ್ ಚಿತ್ರಕಾರ ಆ ವರ್ಷ ಬರೆದ ‘ಪೋಟ್ಸ್‌ಡಾಮರ್ ಪ್ಲಾಟ್ಸ್’ ಚಿತ್ರದಲ್ಲಿ ಮಾತ್ರ ರಸ್ತೆ ಹಸಿರಾಗಿದೆ. ಹುಲ್ಲಿನ ಹಸಿರಲ್ಲ, ನೋಡಿದರೆ ಹೊಟ್ಟೆ ತೊಳಸುವಂಥ ಹಸಿರು. ಎರಡು ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲದ ಈ ಕ್ಯಾನ್ವಾಸಿನ ನಡುವೆ, ವಾಹನಗಳ ನಡುವಿನ ದುಂಡನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ನಿಂತಿದ್ದಾರೆ. ಹಿಂದೆ ಕೆಂಪು ರೈಲು ನಿಲ್ದಾಣ. ಅದರ ಗಡಿಯಾರದಲ್ಲಿ ಮಧ್ಯರಾತ್ರಿ ಹನ್ನೆರಡರ ಹತ್ತಿರ. ದೂರದಲ್ಲಿ ಕಪ್ಪು ಸೂಟಿನ ಗಂಡಸರು. ಅವರಿಗೆ ಮುಖವೆಂಬುದು ಹೆಚ್ಚೇನೂ ಇಲ್ಲ, ಕಾಲುಗಳು ಕೈವಾರದಂತೆ ಚೂಪಾಗಿ ತೆರೆದುಕೊಂಡಿವೆ.

ಎಕ್ಸ್‌ಪ್ರೆಷನಿಸಂ, ಅಂದರೆ ಅಭಿವ್ಯಕ್ತಿವಾದ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ‘ಚೀತ್ಕಾರ’. ಅದು ಈ ಪಂಥದ ಹಿರಿಯಜ್ಜ, ಸರಿ. ಆದರೆ ಬಣ್ಣವನ್ನೂ ಗೆರೆಯನ್ನೂ ಬೇಕೆಂದೇ ಕೆಡಿಸಿ ಒಳಗಿನ ತಳಮಳವನ್ನು ಹೊರಗೆ ಹಾಕುವ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಕಿರ್ಷ್ನರ್‌ನ ಬೀದಿ ಚಿತ್ರಗಳಷ್ಟು ಅನುಕೂಲವಾದವು ಬೇರೆ ಇಲ್ಲ. ಚಿತ್ರಕ್ಕೆ ಮುಂಚಿನ ರೇಖಾಟಿಪ್ಪಣಿಗಳು ಉಳಿದಿವೆ, ಚಿತ್ರಿತವಾದ ಚೌಕ ಹೇಗಿತ್ತೆಂದು ಫೋಟೋಗಳು ಹೇಳುತ್ತವೆ, ಚಿತ್ರಕಾರನ ತರಬೇತಿ ಏನೆಂಬುದೂ ಗೊತ್ತು. ಇವನ್ನು ಪಕ್ಕಪಕ್ಕ ಇಟ್ಟರೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಬೆರಳಿಟ್ಟು ತೋರಿಸಬಹುದು.

ತರಬೇತಿಯ ಮಾತು ಮೊದಲು. ‘ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಹೀಗೆ ಬರೆದ’ ಎಂಬ ಅನುಮಾನ ಇಂಥ ಚಿತ್ರಗಳ ಎದುರು ನಿಂತ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ಕಿರ್ಷ್ನರ್ ಓದಿದ್ದು ವಾಸ್ತುಶಿಲ್ಪ. ಡ್ರೆಸ್ಡನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಕಟ್ಟಡ, ಒಳಾಂಗಣಗಳ ನಕ್ಷೆ ಬರೆದು 1905ರಲ್ಲಿ ಪದವಿ ಪಡೆದವನು. ದೂರ ಹೋದಂತೆ ವಸ್ತು ಎಷ್ಟು ಚಿಕ್ಕದಾಗಬೇಕು, ನೆಲದ ಗೆರೆಗಳು ಎಲ್ಲಿ ಹೋಗಿ ಕೂಡಬೇಕು ಎಂಬ ಲೆಕ್ಕ ಅವನ ಕೈಗೆ ಅಭ್ಯಾಸವಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಅವನೂ ಎರಿಕ್ ಹೆಕೆಲ್, ಕಾರ್ಲ್ ಷ್ಮಿಟ್-ರೊಟ್‌ಲುಫ್, ಫ್ರಿಟ್ಸ್ ಬ್ಲೈಲ್ ಎಂಬ ಮೂವರು ಗೆಳೆಯರೂ ಸೇರಿ ‘ಬ್ರ್ಯೂಕೆ’, ಅಂದರೆ ಸೇತುವೆ, ಎಂಬ ಗುಂಪು ಕಟ್ಟಿದರು. ನಾಲ್ವರೂ ವಾಸ್ತುಶಿಲ್ಪದ ವಿದ್ಯಾರ್ಥಿಗಳೇ. ಹೀಗಾಗಿ ಚಿತ್ರದಲ್ಲಿ ದುಂಡನೆಯ ಕಟ್ಟೆ ನಮ್ಮತ್ತ ವಾಲಿ, ಮೇಲೆ ನಿಂತವರು ಇನ್ನೇನು ಜಾರಿ ಬೀಳುತ್ತಾರೇನೋ ಎನಿಸುವುದು ಅರಿಯದೆ ಆದ ತಪ್ಪಲ್ಲ. ನಿಯಮವನ್ನು ಪರೀಕ್ಷೆಗೆ ಓದಿ ಪಾಸಾದವನೇ ಅದನ್ನು ಮುರಿದಿದ್ದಾನೆ.

ಮುರಿಯುವುದಕ್ಕೂ ಅವರು ಅಭ್ಯಾಸ ಮಾಡಿದರು. ಕಲಾಶಾಲೆಗಳಲ್ಲಿ ರೂಪದರ್ಶಿಯನ್ನು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನಿಲ್ಲಿಸಿ, ಸ್ನಾಯು ಸ್ನಾಯುವನ್ನೂ ಬಿಡಿಸುವುದು ವಾಡಿಕೆ. ಬ್ರ್ಯೂಕೆ ಗೆಳೆಯರು ಅದನ್ನು ಬಿಟ್ಟು ಭಂಗಿಗೆ ಕಾಲುಗಂಟೆಯ ಮಿತಿ ಹಾಕಿಕೊಂಡರು. ಹದಿನೈದು ನಿಮಿಷದಲ್ಲಿ ಇಡೀ ಮೈ ಕಾಗದಕ್ಕೆ ಬರಬೇಕಾದರೆ ಕಣ್ಣು ಆಯ್ದುಕೊಳ್ಳಲೇಬೇಕು. ಬೆನ್ನಿನ ಬಾಗು ಮುಖ್ಯವೆನಿಸಿದರೆ ಅದು ಉದ್ದವಾಗುತ್ತದೆ, ಬೆರಳುಗಳು ಬೇಡವೆನಿಸಿದರೆ ಒಂದು ಗೀಟಿನಲ್ಲಿ ಮುಗಿಯುತ್ತವೆ. ಗೆರೆಯ ವಿಕೃತಿ ಹುಟ್ಟುವುದು ಇಲ್ಲಿ. ಕೈ ನೋಡಿದ್ದನ್ನೆಲ್ಲ ದಾಖಲಿಸುವುದನ್ನು ಬಿಟ್ಟು, ತಟ್ಟಿದ್ದನ್ನಷ್ಟೇ ಹಿಡಿಯತೊಡಗುತ್ತದೆ.

ಇನ್ನೊಂದು ಗುರು ಮರ. ಗುಂಪಿನವರೆಲ್ಲ ಮರದ ಹಲಗೆ ಕೆತ್ತಿ ಅಚ್ಚು ಹಾಕುತ್ತಿದ್ದರು. 1906ರ ತಮ್ಮ ಘೋಷಣಾಪತ್ರವನ್ನು ಕೂಡ ಕಿರ್ಷ್ನರ್ ಹಲಗೆಯಲ್ಲೇ ಕೊರೆದ. ಹಲಗೆಯ ಮೇಲೆ ಚಾಕು ಎಳೆನೇರಕ್ಕೆ ಸರಾಗವಾಗಿ ಓಡುತ್ತದೆ, ಅಡ್ಡಕ್ಕೆ ತಿರುಗಿದೊಡನೆ ತಡೆಯುತ್ತದೆ, ಚಕ್ಕೆ ಏಳುತ್ತದೆ. ಗುಂಡಗಿನ ಗಲ್ಲ ಕೆತ್ತಲು ತಾಳ್ಮೆ ಬೇಕು. ಮೂಲೆಯಿರುವ ಗಲ್ಲ ಎರಡು ಏಟಿಗೆ ಮುಗಿಯುತ್ತದೆ. ಹಳೆಯ ಕುಶಲಕರ್ಮಿಗಳು ಈ ಒರಟನ್ನು ಮರೆಮಾಚಲು ಶ್ರಮಿಸುತ್ತಿದ್ದರು. ಇವರು ಅದನ್ನೇ ಇಟ್ಟುಕೊಂಡರು. ಮುಂದೆ ಕುಂಚ ಹಿಡಿದಾಗಲೂ ಆ ಮೂಲೆಗಳು ಅವರ ಕೈ ಬಿಡಲಿಲ್ಲ. ಬರ್ಲಿನ್ ಚಿತ್ರಗಳ ಹೆಂಗಸರ ಗದ್ದ, ಮೊಣಕೈ, ಬೂಟಿನ ತುದಿಗಳು ಚಾಕುವಿನಿಂದ ಸೀಳಿದಂತಿರುವುದಕ್ಕೆ ಮನಸ್ಸಿನ ಉದ್ವೇಗ ಎಷ್ಟು ಕಾರಣವೋ ಹಲಗೆಯ ಅಭ್ಯಾಸವೂ ಅಷ್ಟೇ ಕಾರಣ ಎನ್ನಬೇಕು.

ಬಣ್ಣದ ಪಾಠ ಬಂದದ್ದು ಬೇರೆ ಕಡೆಯಿಂದ. 1905ರ ನವೆಂಬರಿನಲ್ಲಿ ಡ್ರೆಸ್ಡನ್ನಿನ ಆರ್ನಾಲ್ಡ್ ಗ್ಯಾಲರಿಯಲ್ಲಿ ವಾನ್ ಗೋ ಚಿತ್ರಗಳ ಪ್ರದರ್ಶನ ನಡೆಯಿತು. ಹದಿನೇಳು ವರ್ಷ ಹಿಂದೆ, 1888ರಲ್ಲಿ, ವಾನ್ ಗೋ ರಾತ್ರಿಯಿಡೀ ತೆರೆದಿರುತ್ತಿದ್ದ ಒಂದು ಕಾಫಿ ಅಂಗಡಿಯ ಚಿತ್ರ ಬರೆದು, ಕೆಂಪು ಹಸಿರುಗಳ ಮೂಲಕ ಮನುಷ್ಯನ ಭಯಂಕರ ಆವೇಶಗಳನ್ನು ಹೇಳಲು ಯತ್ನಿಸಿದ್ದಾಗಿ ತಮ್ಮನಿಗೆ ಕಾಗದ ಬರೆದಿದ್ದ. ಕೆಂಪಿನ ಎದುರು ಹಸಿರನ್ನೇ ಆತ ಏಕೆ ಇಟ್ಟ? ಇದರ ಹಿಂದೆ ಒಬ್ಬ ರಸಾಯನಶಾಸ್ತ್ರಜ್ಞನ ಕಥೆಯಿದೆ.

ಪ್ಯಾರಿಸ್ಸಿನ ಗೋಬ್ಲ್ಯಾಂ ಎಂಬ ಹೆಸರಾಂತ ನೇಯ್ಗೆ ಕಾರ್ಖಾನೆಯ ಬಣ್ಣದ ಮನೆಗೆ ಮಿಷೆಲ್ ಷೆವ್ರಲ್ ಮುಖ್ಯಸ್ಥನಾಗಿದ್ದಾಗ ನೇಕಾರರಿಂದ ದೂರು ಬಂತು: ನೀವು ಅದ್ದಿ ಕೊಟ್ಟ ಕಪ್ಪು ನೂಲಿಗೆ ಕಸುವಿಲ್ಲ, ನೀಲಿಯ ಪಕ್ಕ ನೆಯ್ದರೆ ಸಪ್ಪೆಯಾಗುತ್ತದೆ. ಷೆವ್ರಲ್ ನೂಲನ್ನು ಪರೀಕ್ಷಿಸಿದ. ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣ ಯಾವುದಿದೆಯೋ ಅದರಂತೆ ಕಣ್ಣು ಈ ಬಣ್ಣವನ್ನು ಬೇರೆಯಾಗಿ ಕಾಣುತ್ತದೆ, ಅಷ್ಟೆ. ಒಂದರ ಎದುರಾಳಿ ಬಣ್ಣವನ್ನು ಪಕ್ಕದಲ್ಲಿಟ್ಟರೆ ಎರಡೂ ಉಜ್ವಲವಾಗುತ್ತವೆ, ಗಡಿಯಲ್ಲಿ ಕಣ್ಣು ನಿಲ್ಲಲಾರದೆ ಮಿಡುಕುತ್ತದೆ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಇಂಥ ಎದುರಾಳಿಗಳು. ಇದನ್ನು ಆತ 1839ರಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಚಿತ್ರಕಾರರು ಮುಂದೆ ಅದರಿಂದ ಬೇಕಾದ್ದನ್ನು ಹೆಕ್ಕಿಕೊಂಡರು.

ಈಗ ಹಸಿರು ರಸ್ತೆಗೆ ಮರಳಿದರೆ ಅದರ ಕೆಲಸ ತಿಳಿಯುತ್ತದೆ. ನಿಲ್ದಾಣದ ಕೆಂಪಿಗೂ ಚರ್ಮದ ನಸುಗೆಂಪಿಗೂ ಎದುರಾಗಿ ಹಸಿರು ಹರಡಿದಾಗ ಕಣ್ಣಿಗೆ ಕುಳಿತುಕೊಳ್ಳಲು ಜಾಗವೇ ಸಿಗುವುದಿಲ್ಲ. ಚರ್ಮಕ್ಕೆ ಹಸಿರಿನ ಛಾಯೆ ಬೆರೆಸಿದರೋ, ಮುಖ ರೋಗಿಯದಾಗುತ್ತದೆ ಅಥವಾ ಅನಿಲದೀಪದ ಕೆಳಗಿನ ಮುಖವಾಗುತ್ತದೆ. ಹಸಿರೆಂದರೆ ಅಸೂಯೆ, ಕೆಂಪೆಂದರೆ ಕೋಪ ಎಂಬಂಥ ಕೋಷ್ಟಕವೇನೂ ಇಲ್ಲಿಲ್ಲ. ಯಕ್ಷಗಾನದ ಬಣ್ಣದ ವೇಷ ಕಂಡ ಕನ್ನಡ ಪ್ರೇಕ್ಷಕನಿಗೆ ಅತಿಶಯದ ಮುಖ ಹೊಸತಲ್ಲ. ರಕ್ಕಸನ ಮೋರೆ ಹೀಗಿರುತ್ತದೆಯೇ ಎಂದು ಯಾರೂ ಚೌಕಿಗೆ ಹೋಗಿ ಕೇಳುವುದಿಲ್ಲ. ಆದರೆ ಅಲ್ಲಿಯ ಬಣ್ಣಗಾರಿಕೆ ಪರಂಪರೆ ಒಪ್ಪಿದ್ದು, ಚುಟ್ಟಿ ಕಂಡೊಡನೆ ಪಾತ್ರದ ಜಾತಕ ಗೊತ್ತಾಗುತ್ತದೆ. ಕಿರ್ಷ್ನರ್‌ನ ಹಸಿರಿಗೆ ಅಂಥ ಒಪ್ಪಂದದ ಬಲವಿಲ್ಲ. ಅದೇ ಹಸಿರನ್ನು ಅವನು ಸಮುದ್ರತೀರದ ಸ್ನಾನದ ಚಿತ್ರಗಳಲ್ಲಿ ಹಾಯಾಗಿ ಹರಡಿದ್ದಾನೆ, ಅಲ್ಲಿ ಅದು ಯಾರನ್ನೂ ಹೆದರಿಸುವುದಿಲ್ಲ. ಪ್ರತಿ ಚಿತ್ರದಲ್ಲೂ ಬಣ್ಣ ತನ್ನ ಅರ್ಥವನ್ನು ನೆರೆಹೊರೆಯಿಂದಲೇ ಗಳಿಸಬೇಕು.

ಗುಂಪು 1911ರಲ್ಲಿ ಡ್ರೆಸ್ಡನ್ ಬಿಟ್ಟು ಬರ್ಲಿನ್ನಿಗೆ ಬಂತು, 1913ರಲ್ಲಿ ಜಗಳವಾಡಿ ಒಡೆಯಿತು. ಗುಂಪಿನ ಇತಿಹಾಸವನ್ನು ಕಿರ್ಷ್ನರ್ ತನ್ನನ್ನೇ ನಡುವೆ ನಿಲ್ಲಿಸಿಕೊಂಡು ಬರೆದದ್ದು ಉಳಿದವರಿಗೆ ಹಿಡಿಸಲಿಲ್ಲ. ಒಂಟಿಯಾದ ಮೇಲೆ ಆತ ಸಂಜೆ ರಾತ್ರಿಗಳಲ್ಲಿ ಬೀದಿ ಅಲೆಯತೊಡಗಿದ. ಜೇಬಿನಲ್ಲಿ ಚಿಕ್ಕ ಪುಸ್ತಕ. ನಡೆಯುತ್ತಲೋ ಮೂಲೆಯಲ್ಲಿ ನಿಂತೋ ಕೆಲವೇ ಕ್ಷಣಗಳಲ್ಲಿ ಗೀಚಿದ ಸಾವಿರಾರು ಹಾಳೆಗಳಿವೆ. ಟೋಪಿಯೊಂದು ಓರೆ ಗೀಟು, ಗಂಡಸೊಬ್ಬ ಉದ್ದನೆಯ ಬಾಣ, ಜನಜಂಗುಳಿ ಎಂದರೆ ಒಂದೇ ದಿಕ್ಕಿಗೆ ಓಡುವ ಗೀರುಗಳ ಕಂತೆ. ಈ ಗುರುತುಗಳನ್ನು ಆತ ಚಿತ್ರಲಿಪಿ ಎಂದು ಕರೆದ. ಮನೆಗೆ ಬಂದು ಅವನ್ನು ಶಾಯಿಯಲ್ಲಿ, ಬಣ್ಣದ ಕಡ್ಡಿಯಲ್ಲಿ, ಮರದಚ್ಚಿನಲ್ಲಿ ಮತ್ತೆ ಮತ್ತೆ ಬರೆದು, ಕೊನೆಗೆ ಎಣ್ಣೆಬಣ್ಣಕ್ಕೆ ಏರಿಸುತ್ತಿದ್ದ. 1913ರಿಂದ 1915ರ ನಡುವೆ ಹೀಗೆ ಹುಟ್ಟಿದ ಬೀದಿ ಚಿತ್ರಗಳು ಹನ್ನೊಂದು.

ಅವುಗಳಲ್ಲಿ ಬಹುಪಾಲು ಚಿತ್ರಗಳ ನಡುವೆ ನಿಲ್ಲುವವರು ವೇಶ್ಯೆಯರು. ಬರ್ಲಿನ್ನಿನಲ್ಲಿ ಅವರ ಮೇಲೆ ಪೊಲೀಸರ ಕಣ್ಣಿತ್ತು. ಬಹಿರಂಗವಾಗಿ ಗಿರಾಕಿಯನ್ನು ಕರೆಯುವಂತಿರಲಿಲ್ಲ. ಅದಕ್ಕಾಗಿ ಸಿರಿವಂತ ಮನೆಯವರಂತೆ ಉಡುಪು ತೊಟ್ಟು, ಅಂಗಡಿಯ ಕನ್ನಡಿಯಲ್ಲಿ ನೋಟ ಸೇರಿಸಿ, ಮಾತಿಲ್ಲದೆ ವ್ಯವಹಾರ ನಡೆಯುತ್ತಿತ್ತು. ‘ಪೋಟ್ಸ್‌ಡಾಮರ್ ಪ್ಲಾಟ್ಸ್’ ಚಿತ್ರದ ಒಬ್ಬಳು ವಿಧವೆಯ ಕಪ್ಪು ಮುಸುಕು ಹಾಕಿದ್ದಾಳೆ. ಮಹಾಯುದ್ಧ ಆಗಷ್ಟೇ ಆರಂಭವಾಗಿತ್ತು. ಅನುಮಾನ ಬಾರದಿರಲೆಂದು ಯುದ್ಧವಿಧವೆಯ ವೇಷ ತೊಟ್ಟವಳು ಇವಳು ಎಂದು ಕಲಾ ಇತಿಹಾಸಕಾರರು ಓದುತ್ತಾರೆ. ಚಿತ್ರಕ್ಕೆ ರೂಪದರ್ಶಿಯರಾದವರು ಕಿರ್ಷ್ನರ್‌ನ ಸಂಗಾತಿ ಎರ್ನಾ ಷಿಲ್ಲಿಂಗ್ ಮತ್ತು ಅವಳ ತಂಗಿ ಗೆರ್ಡಾ. ಇಬ್ಬರೂ ನರ್ತಕಿಯರು.

ಯಾವುದನ್ನು ಕೆಡಿಸದೆ ಬಿಟ್ಟಿದ್ದಾನೆ ಎಂಬುದನ್ನು ನೋಡುವುದು ಇಲ್ಲಿ ಬಲು ಉಪಯುಕ್ತ. ಟೋಪಿಯ ಗರಿ, ತುಪ್ಪಳದ ಕೊರಳಪಟ್ಟಿ, ಲಂಗದ ಉದ್ದ ಆ ಕಾಲದ ಫ್ಯಾಷನ್ನಿಗೆ ಸರಿಯಾಗಿವೆ. ನಿಲ್ದಾಣವನ್ನು ಗುರುತು ಹಿಡಿಯಬಹುದು, ಗಡಿಯಾರದಲ್ಲಿ ಹೊತ್ತು ಓದಬಹುದು. ಬದಲಾದವು ಮೂರು ಸಂಗತಿಗಳು. ಮೊದಲನೆಯದು ನೆಲ: ಅದು ಮಲಗಿಲ್ಲ, ಎದ್ದು ನಿಂತಿದೆ, ಮೇಲಿನ ಮಹಡಿಯಿಂದ ನೋಡಿದಂತೆ. ಹೆಂಗಸರನ್ನು ಮಾತ್ರ ಎದುರಿನಿಂದ ನೋಡಿದ್ದಾನೆ. ಒಂದೇ ಚಿತ್ರದಲ್ಲಿ ಎರಡು ಕಡೆ ನಿಂತು ನೋಡಿದರೆ ತಲೆ ಸುತ್ತದೆ ಇರುತ್ತದೆಯೇ? ಎರಡನೆಯದು ಅಳತೆ: ಹೆಂಗಸರು ಹೆಚ್ಚುಕಡಿಮೆ ಆಳೆತ್ತರ, ಕೆಲವೇ ಹೆಜ್ಜೆ ಹಿಂದಿರುವ ಗಂಡಸರು ಗೊಂಬೆಗಳಷ್ಟು. ನಡುವಿನ ಅಂತರವನ್ನು ದಾಟಲಾಗದು ಎನಿಸುವುದು ಇದರಿಂದ. ಮೂರನೆಯದು ಚರ್ಮದ ಮತ್ತು ರಸ್ತೆಯ ಬಣ್ಣ. ಎಲ್ಲವನ್ನೂ ಒಟ್ಟಿಗೆ ಕೆಡಿಸಿದ್ದರೆ ಅದು ಬೇರೊಂದು ಲೋಕದ ಕಥೆಯಾಗಿ ಬಿಡುತ್ತಿತ್ತು. ಟೋಪಿ ಸರಿಯಾಗಿರುವುದರಿಂದಲೇ ಮುಖ ಸರಿಯಿಲ್ಲದಿರುವುದು ಚುಚ್ಚುತ್ತದೆ. ಈ ಪಂಥದ ಸಾಮಾನ್ಯ ಅನುಕರಣೆಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಮೂಗಿನಿಂದ ಮೋಡದವರೆಗೆ ಎಲ್ಲವೂ ಡೊಂಕಾದ ಚಿತ್ರದಲ್ಲಿ ಡೊಂಕು ಕಣ್ಣಿಗೆ ಬೀಳುವುದೇ ಇಲ್ಲ.

ಕುಂಚದ ಗೀರುಗಳನ್ನೂ ಗಮನಿಸಬೇಕು. ಬಣ್ಣ ಸಮನಾಗಿ ಹರಡಿಲ್ಲ. ಗರಿಯ ಎಳೆಗಳಂತೆ ಓರೆಯಾಗಿ, ಒತ್ತೊತ್ತಾಗಿ, ಅವಸರದಲ್ಲಿ ಎಳೆದ ಗೀರುಗಳವು. ರೇಖಾಟಿಪ್ಪಣಿಯ ವೇಗ ಎಣ್ಣೆಬಣ್ಣಕ್ಕೂ ಬರಬೇಕಾದರೆ ಬಣ್ಣ ತೆಳುವಾಗಿ ಬೇಗ ಒಣಗಬೇಕು. ಬ್ರ್ಯೂಕೆ ಗೆಳೆಯರು ಅದಕ್ಕಾಗಿ ಎಣ್ಣೆಬಣ್ಣಕ್ಕೆ ಪೆಟ್ರೋಲು ಬೆರೆಸುತ್ತಿದ್ದರು. ಬಣ್ಣ ನೀರಾಗಿ ಓಡುತ್ತಿತ್ತು, ಒಣಗಿದ ಮೇಲೆ ಹೊಳಪಿಲ್ಲದೆ ಸುಣ್ಣ ಬಳಿದ ಗೋಡೆಯಂತಾಗುತ್ತಿತ್ತು.

ಇಷ್ಟಾದ ಮೇಲೆ ಒಂದು ಮುಜುಗರದ ಸಂಗತಿ. ಅಭಿವ್ಯಕ್ತಿವಾದಿಗಳ ಚಿತ್ರವೆಂದರೆ ಆ ಕ್ಷಣದ ಭಾವ ತಡೆಯಿಲ್ಲದೆ ಉಕ್ಕಿ ಬಂದದ್ದು ಎಂದು ಅವರೇ ಹೇಳುತ್ತಿದ್ದರು, ಇಂದಿಗೂ ಹಲವರು ಹಾಗೆಯೇ ಬರೆಯುತ್ತಾರೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಕಿರ್ಷ್ನರ್‌ನ ‘ಬೀದಿ, ಡ್ರೆಸ್ಡನ್’ ಇದೆ. ಗುಲಾಬಿ ಬಣ್ಣದ ರಸ್ತೆ, ಮುಖವಾಡ ತೊಟ್ಟಂತೆ ನಮ್ಮತ್ತ ನಡೆದು ಬರುವ ಹೆಂಗಸರು, ನಡುವೆ ದೊಡ್ಡ ಟೋಪಿಯ ಪುಟ್ಟ ಹುಡುಗಿ. ಅದನ್ನು ಬರೆದದ್ದು 1908ರಲ್ಲಿ. 1919ರಲ್ಲಿ ಮತ್ತೆ ತಿದ್ದಿದ. ಕ್ಯಾನ್ವಾಸಿನ ಮೇಲೆ ಹಾಕಿದ ಇಸವಿ 1907! ತಾನು ಯಾರಿಂದಲೂ ಕಲಿಯಲಿಲ್ಲ, ಎಲ್ಲರಿಗಿಂತ ಮುಂಚೆ ಮಾಡಿದೆ ಎಂದು ತೋರಿಸಿಕೊಳ್ಳುವ ಚಪಲ ಅವನಿಗೆ ಜೀವನಪೂರ್ತಿ ಇತ್ತು. ಲೂಯಿ ದ ಮಾರ್ಸಾಲ್ ಎಂಬ ಫ್ರೆಂಚ್ ವಿಮರ್ಶಕನನ್ನು ಸೃಷ್ಟಿಸಿ, ಆ ಹೆಸರಿನಲ್ಲಿ ತನ್ನನ್ನೇ ಹೊಗಳಿ ಲೇಖನ ಬರೆದುಕೊಂಡ ಭೂಪ ಅವನು. ಚಿತ್ರದ ಬೆಲೆ ಇದರಿಂದ ಇಳಿಯುವುದಿಲ್ಲ. ಆದರೆ ಚಿತ್ರದೊಳಗಿನ ತಳಮಳ ಎಂಬುದು ಕಟ್ಟಿದ್ದು, ಹನ್ನೊಂದು ವರ್ಷದ ಮೇಲೂ ಕೂತು ತಿದ್ದಬಹುದಾದದ್ದು ಎಂಬುದು ಮಾತ್ರ ಖಚಿತವಾಗುತ್ತದೆ. ಉಕ್ಕಿ ಬಂದ ಕಣ್ಣೀರನ್ನು ಹಾಗೆ ತಿದ್ದಲಾದೀತೆ?

ಕಟ್ಟುವ ಈ ಕೆಲಸ ಎಲ್ಲಕ್ಕಿಂತ ತೀವ್ರವಾಗಿ ಕಾಣುವುದು 1915ರ ಒಂದು ಆತ್ಮಚಿತ್ರದಲ್ಲಿ. ಯುದ್ಧಕ್ಕೆ ಹೋಗಲು ಮನಸ್ಸಿಲ್ಲದಿದ್ದರೂ, ಕಾಲಾಳು ಪಡೆಗೆ ಎಳೆದೊಯ್ದಾರೆಂದು ಕಿರ್ಷ್ನರ್ ತಾನಾಗಿಯೇ ಫಿರಂಗಿದಳ ಸೇರಿದ. ಹಾಲೆ ಪಟ್ಟಣದಲ್ಲಿ 75ನೇ ದಳದ ತರಬೇತಿ. ರಣರಂಗ ಕಾಣುವ ಮುಂಚೆಯೇ ನರಗಳು ಸೋತು, ಅದೇ ವರ್ಷ ಬಿಡುಗಡೆಯಾಯಿತು. ‘ಸೈನಿಕನಾಗಿ ಆತ್ಮಚಿತ್ರ’ದಲ್ಲಿ ಅವನು ಆ ದಳದ ಸಮವಸ್ತ್ರ ತೊಟ್ಟಿದ್ದಾನೆ, ಭುಜದ ಪಟ್ಟಿಯ ಮೇಲೆ 75 ಎಂಬ ಅಂಕಿ. ಮುಖ ಹಳದಿಗೆ ತಿರುಗಿದೆ, ತುಟಿಯಿಂದ ಸಿಗರೇಟು ಜೋತಿದೆ. ಕಣ್ಣಿನಲ್ಲಿ ಪಾಪೆಯಿಲ್ಲ, ಗಾಢ ಬಣ್ಣವಷ್ಟೇ ತುಂಬಿದೆ. ಹಿಂದೆ ಬೆತ್ತಲೆ ರೂಪದರ್ಶಿ. ಮುಂದೆ ಎತ್ತಿ ಹಿಡಿದ ಬಲಗೈಗೆ ಅಂಗೈ ಇಲ್ಲ. ಮಣಿಕಟ್ಟಿನಲ್ಲಿ ಕತ್ತರಿಸಿದ ಮೊಂಡು ತುದಿ.

ಕಿರ್ಷ್ನರ್‌ನ ಕೈಗೆ ಏನೂ ಆಗಿರಲಿಲ್ಲ. ಆ ಮೊಂಡುಗೈಯನ್ನು ಬರೆದದ್ದೇ ಆ ಕೈ.

ಇದು ಗೆರೆಯ ಸಣ್ಣ ಡೊಂಕಲ್ಲ, ಚಿತ್ರದಲ್ಲಿ ಹೇಳಿದ ನೇರ ಸುಳ್ಳು. ಮತ್ತೆ ಬರೆಯಲಾರೆನೇನೋ ಎಂಬ ಚಿತ್ರಕಾರನ ಭಯಕ್ಕೆ ಇಷ್ಟು ಮೈ ಕೊಡುವ ದಾರಿ ಬೇರೊಂದು ಕಾಣುವುದಿಲ್ಲ. ಇಲ್ಲಿಯೂ ಬಟ್ಟೆ, ದಳದ ಅಂಕಿ ಸರಿಯಾಗಿವೆ ಎಂಬುದನ್ನು ಮರೆಯಬಾರದು. 75 ಎಂಬ ನಿಜದ ಪಕ್ಕದಲ್ಲಿ ನಿಂತಿರುವುದರಿಂದಲೇ ಆ ಕೈಯನ್ನು ನೋಡುಗ ನಂಬಿಬಿಡುತ್ತಾನೆ.

ಹಾಗೆ ನಂಬಿದವರು, ಅಥವಾ ನಂಬಿದಂತೆ ನಟಿಸಿದವರು, ಮುಂದೆ ಅಧಿಕಾರಕ್ಕೆ ಬಂದರು. ವಿಕೃತ ಗೆರೆ ಎಂದರೆ ಕೆಟ್ಟ ಮಿದುಳಿನ ಲಕ್ಷಣ ಎಂಬ ಮಾತು ಜರ್ಮನಿಯಲ್ಲಿ ಮೊದಲಿಂದಲೂ ಸುಳಿಯುತ್ತಿತ್ತು. 1920ರ ‘ಡಾಕ್ಟರ್ ಕ್ಯಾಲಿಗರಿ’ ಸಿನಿಮಾ ಕೂಡ, ಬಣ್ಣದಲ್ಲಿ ಬರೆದ ಡೊಂಕು ಮನೆ ಬೀದಿಗಳನ್ನೆಲ್ಲ ತೋರಿಸಿ, ಕೊನೆಗೆ ಕಥೆ ಹೇಳಿದವನು ಹುಚ್ಚಾಸ್ಪತ್ರೆಯ ರೋಗಿ ಎಂದು ಮುಗಿಸಿತು. 1928ರಲ್ಲಿ ಪೌಲ್ ಷುಲ್ಟ್ಸೆ-ನೌಂಬುರ್ಗ್ ಎಂಬ ವಾಸ್ತುಶಿಲ್ಪಿ ಒಂದು ಪುಸ್ತಕ ತಂದು, ಆಧುನಿಕ ಚಿತ್ರಗಳ ಪಕ್ಕದಲ್ಲಿ ಅಂಗವಿಕಲರ, ರೋಗಿಗಳ ಫೋಟೋಗಳನ್ನು ಅಚ್ಚು ಹಾಕಿದ: ನೋಡಿ, ಎರಡೂ ಒಂದೇ. ಚಿತ್ರದ ಡೊಂಕನ್ನು ಮೈಯ ಡೊಂಕೆಂದು ಓದುವ ಈ ತಂತ್ರವೇ ನಾಜಿಗಳ ನೀತಿಯಾಯಿತು. 1937ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ಭಾಷಣ ಮಾಡಿದ ಹಿಟ್ಲರ್, ಹೊಲ ನೀಲಿಯಾಗಿ ಆಕಾಶ ಹಸಿರಾಗಿ ಕಾಣುವ ಚಿತ್ರಕಾರರಿಗೆ ಕಣ್ಣಿನ ದೋಷವಿರಬೇಕು, ಇಲ್ಲವೇ ಅವರು ಮೋಸಗಾರರಿರಬೇಕು ಎಂಬ ಅರ್ಥದಲ್ಲಿ ಮಾತಾಡಿದ. ಮರುದಿನವೇ ‘ಅವನತ ಕಲೆ’ ಎಂಬ ಪ್ರದರ್ಶನ ತೆರೆಯಿತು. ಗೋಡೆಯ ತುಂಬ ಚಿತ್ರಗಳನ್ನು ಇಕ್ಕಟ್ಟಾಗಿ ತೂಗುಹಾಕಿ, ಪಕ್ಕದಲ್ಲಿ ಹೀಯಾಳಿಕೆ ಬರೆದಿದ್ದರು. ಮ್ಯೂನಿಕ್ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಮೊಂಡುಗೈಯ ಆತ್ಮಚಿತ್ರವೂ ಅಲ್ಲಿತ್ತು. ಅದರ ಹೆಸರನ್ನು ‘ಸೂಳೆಯೊಂದಿಗೆ ಸೈನಿಕ’ ಎಂದು ಬದಲಿಸಲಾಗಿತ್ತು.

ಜರ್ಮನಿಯ ಸಂಗ್ರಹಾಲಯಗಳಿಂದ ಕಿರ್ಷ್ನರ್‌ನ 639 ಕೃತಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ಆತ ಅಷ್ಟು ಹೊತ್ತಿಗೆ ಸ್ವಿಟ್ಜರ್ಲೆಂಡಿನ ದಾವೋಸ್ ಬಳಿ ಇಪ್ಪತ್ತು ವರ್ಷಗಳಿಂದ ನೆಲೆಸಿದ್ದ. 1938ರ ಜೂನ್ 15ರಂದು ಅಲ್ಲಿಯೇ ಗುಂಡು ಹಾರಿಸಿಕೊಂಡು ಸತ್ತ.

ಚಿತ್ರಗಳು ಈಗ ಚದುರಿ ಹೋಗಿವೆ. ಆತ್ಮಚಿತ್ರ ಅಮೆರಿಕದ ಓಬರ್ಲಿನ್ ಕಾಲೇಜಿನ ಸಂಗ್ರಹಾಲಯದಲ್ಲಿದೆ, ‘ಪೋಟ್ಸ್‌ಡಾಮರ್ ಪ್ಲಾಟ್ಸ್’ ಬರ್ಲಿನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿದೆ, ಗುಂಪಿನ ಹೆಸರಿನದೇ ಒಂದು ಸಂಗ್ರಹಾಲಯ 1967ರಿಂದ ಅದೇ ನಗರದಲ್ಲಿದೆ. ದೂರದವರು ಪುಸ್ತಕದಲ್ಲೋ ಮೊಬೈಲಿನಲ್ಲೋ ನೋಡುವಾಗ ಒಂದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನುಣುಪು ಕಾಗದವೂ ಬೆಳಗುವ ಪರದೆಯೂ ಈ ಬಣ್ಣಗಳಿಗೆ ಇಲ್ಲದ ಹೊಳಪನ್ನು ಕೊಡುತ್ತವೆ. ಪೆಟ್ರೋಲು ಬೆರೆಸಿದ ಆ ಮಾಸಲು ಮೈಗೆ ವಾರ್ನಿಷ್ ಬಳಿಯುವುದು ಕಿರ್ಷ್ನರ್‌ಗೆ ಬೇಡವಾಗಿತ್ತು. ವಾರ್ನಿಷ್ ಹತ್ತಿದರೆ ಕಪ್ಪು ಇನ್ನಷ್ಟು ಆಳಕ್ಕಿಳಿದು, ಬಣ್ಣ ಕನ್ನಡಿಯ ಹಿಂದೆ ಸರಿದಂತಾಗುತ್ತದೆ; ಹಸಿರು ಮತ್ತು ಕೆಂಪಿನ ಒಣ ಘರ್ಷಣೆ ಅರ್ಧಕ್ಕರ್ಧ ಇಳಿದುಹೋಗುತ್ತದೆ.